ಡ್ರಿಲ್ ಮುಟ್ಟಿದರೆ ಜುಮ್ ಅನ್ನುತ್ತೆ: ಅರ್ಥ್ ತಂತಿ ಬಿಚ್ಚಬೇಕೇ, ಆರ್‌ಸಿಸಿಬಿ ತೆಗೆಯಬೇಕೇ?

ಪ್ರಶ್ನೆ: ನನ್ನದು ಚಿಕ್ಕ ವರ್ಕ್‌ಶಾಪ್. ಒಂದು ಪಿಲ್ಲರ್ ಡ್ರಿಲ್, ಒಂದು ಬೆಂಚ್ ಗ್ರೈಂಡರ್, ಕೈಯಲ್ಲಿ ಹಿಡಿಯುವ ಆಂಗಲ್ ಗ್ರೈಂಡರ್ ಇವೆ. ಗೋಡೆಯ ಒಂದೇ ಸಾಕೆಟ್‌ನಿಂದ 25 ಮೀಟರ್ ಎಕ್ಸ್‌ಟೆನ್ಶನ್ ಎಳೆದು ಎಲ್ಲವನ್ನೂ ನಡೆಸುತ್ತೇನೆ. ಎರಡು ತಿಂಗಳಿಂದ ಡ್ರಿಲ್ ಓಡುವಾಗ ಅದರ ಕಂಬ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಆಫ್ ಮಾಡಿದರೆ ಏನೂ ಇಲ್ಲ. ಎಲೆಕ್ಟ್ರಿಷಿಯನ್ ಹೊರಗೆ ಅರ್ಥ್ ರಾಡ್ ಹೊಡೆದು, ತಂತಿ ತಂದು ಡ್ರಿಲ್‌ಗೆ ಬಿಗಿದರು. ಜುಮ್ ಅನ್ನುವುದು ನಿಂತಿತು. ಆಮೇಲೆ ಯಾರೋ ಹೇಳಿದರೆಂದು ಬೋರ್ಡ್‌ನಲ್ಲಿ, ಕರೆಂಟ್ ಸೋರಿದರೆ ಸಪ್ಲೈ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿದೆ. ಈಗ ಡ್ರಿಲ್ ಆನ್ ಮಾಡಿದ ಕೂಡಲೇ ಅದು ಬೀಳುತ್ತದೆ. ರಾಡ್‌ನ ತಂತಿ ಬಿಚ್ಚಿದರೆ ಬೀಳುವುದಿಲ್ಲ. ಎಲೆಕ್ಟ್ರಿಷಿಯನ್ "ಆ ತಂತಿ ಬಿಚ್ಚಿ, ಇಲ್ಲಾಂದ್ರೆ ಆರ್‌ಸಿಸಿಬಿ ತೆಗೀರಿ, ಹೇಗೂ ಎಂಸಿಬಿ ಇದೆಯಲ್ಲ" ಅನ್ನುತ್ತಾರೆ. ಕಾಲಡಿ ರಬ್ಬರ್ ಮ್ಯಾಟ್ ಹಾಕಿಕೊಂಡರೆ ಸಾಕಾಗುವುದಿಲ್ಲವೇ?

ಉತ್ತರ: ಎರಡನ್ನೂ ತೆಗೆಯಬೇಡಿ. ತೆಗೆಯಬೇಕಾದದ್ದು ಡ್ರಿಲ್‌ನ ಪ್ಲಗ್ಗನ್ನು. ಮುಂದೆ ಓದುವ ಮೊದಲೇ ಅದನ್ನು ಸಾಕೆಟ್‌ನಿಂದ ಕಿತ್ತು, ಬೇರೆ ಯಾರೂ ಮತ್ತೆ ಹಾಕದ ಹಾಗೆ "ಕೆಟ್ಟಿದೆ, ಹಾಕಬೇಡಿ" ಎಂದು ಚೀಟಿ ಕಟ್ಟಿ ಬನ್ನಿ.

ನೀವು ಬರೆದಿರುವ ವಿವರ ಚೆನ್ನಾಗಿದೆ. ಮೀಟರ್ ಹಿಡಿಯದೆಯೇ ಅದರಿಂದ ಮೂರು ಸಂಗತಿ ತಿಳಿಯುತ್ತದೆ. ಒಂದು, ಡ್ರಿಲ್‌ನ ಒಳಗೆ ಕರೆಂಟ್ ಬಾಡಿಗೆ ಸೋರುತ್ತಿದೆ, ಮತ್ತು ಸೋರಿಕೆ ಚಿಕ್ಕದಲ್ಲ. 30 ಮಿಲಿಆಂಪ್ ಆರ್‌ಸಿಸಿಬಿ 15 ಮಿಲಿಆಂಪ್‌ಗಿಂತ ಕಡಿಮೆ ಸೋರಿಕೆಗೆ ಬೀಳುವಂತಿಲ್ಲ ಎನ್ನುವುದು ಅದರ ತಯಾರಿಕೆಯ ನಿಯಮ. ನಿಮ್ಮದು ಪ್ರತಿ ಸಲವೂ ಬೀಳುತ್ತಿದೆ ಎಂದರೆ ಅಷ್ಟಾದರೂ, ಬಹುಶಃ ಅದಕ್ಕಿಂತ ಹೆಚ್ಚೇ, ಹೊರಗೆ ಹೋಗುತ್ತಿದೆ. ಎರಡು, ಆಫ್ ಮಾಡಿದಾಗ ಏನೂ ಆಗುತ್ತಿಲ್ಲ, ಆನ್ ಮಾಡಿದಾಗ ಮಾತ್ರ ತೊಂದರೆ. ಹಾಗಾದರೆ ದೋಷ ಇರುವುದು ಡ್ರಿಲ್‌ನ ಸ್ವಿಚ್ ದಾಟಿದ ಮೇಲೆ: ಮೋಟರ್ ವೈಂಡಿಂಗ್‌ನಲ್ಲಿ, ಕೆಪಾಸಿಟರ್‌ನಲ್ಲಿ, ಇಲ್ಲವೇ ಸ್ವಿಚ್‌ನಿಂದ ಮೋಟರ್‌ಗೆ ಹೋಗುವ ತಂತಿಯಲ್ಲಿ.

ಮೂರನೆಯದು ನಿಮ್ಮ ಎಲೆಕ್ಟ್ರಿಷಿಯನ್ ಕಣ್ಣಿಗೆ ಬೀಳದೆ ಹೋಗಿರುವ ಸಂಗತಿ. ರಾಡ್‌ನ ತಂತಿ ಬಿಚ್ಚಿದರೆ ಆರ್‌ಸಿಸಿಬಿ ಬೀಳುವುದಿಲ್ಲ ಅಂದಿರಿ. ಡ್ರಿಲ್‌ಗೆ ತ್ರೀ ಪಿನ್ ಪ್ಲಗ್ ಇದೆ, ಅದು ಎಕ್ಸ್‌ಟೆನ್ಶನ್‌ಗೆ ಹೋಗುತ್ತದೆ, ಎಕ್ಸ್‌ಟೆನ್ಶನ್ ಗೋಡೆಯ ಸಾಕೆಟ್‌ಗೆ ಹೋಗುತ್ತದೆ. ಈ ದಾರಿಯಲ್ಲಿ ಅರ್ಥ್ ತಂತಿ ಸರಿಯಾಗಿದ್ದಿದ್ದರೆ ಸೋರಿದ ಕರೆಂಟ್ ಅದರಲ್ಲೇ ಹರಿದು, ರಾಡ್ ಇರಲಿ ಬಿಡಲಿ, ಆರ್‌ಸಿಸಿಬಿ ಬೀಳಬೇಕಿತ್ತು. ಮೊದಲ ದಿನ ನಿಮಗೆ ಜುಮ್ ಅನ್ನುವುದಕ್ಕೂ ಕಾರಣ ಇರುತ್ತಿರಲಿಲ್ಲ. ಅಂದರೆ ಡ್ರಿಲ್‌ನ ಬಾಡಿಯಿಂದ ಬೋರ್ಡ್‌ವರೆಗಿನ ಅರ್ಥ್ ದಾರಿ ಎಲ್ಲೋ ಕಡಿದಿದೆ. ಅದೇ ಎಕ್ಸ್‌ಟೆನ್ಶನ್ನಿಗೆ ಹಾಕುವ ಬೆಂಚ್ ಗ್ರೈಂಡರ್‌ಗೂ ಅರ್ಥ್ ಇಲ್ಲದೆ ಇರಬಹುದು. ಅದು ಸದ್ಯ ಸೋರುತ್ತಿಲ್ಲ, ಅದಕ್ಕೇ ನಿಮಗೆ ಗೊತ್ತಾಗಿಲ್ಲ.

ಜುಮ್ ಅನ್ನುವುದು ಎಷ್ಟು ಅಪಾಯ

"ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ" ಎಂದು ವರ್ಷಗಟ್ಟಲೆ ಸಹಿಸಿಕೊಂಡವರನ್ನು ತುಂಬಾ ಮಂದಿಯನ್ನು ನೋಡಿದ್ದೇನೆ. ಸ್ವಲ್ಪವೇ ಜುಮ್ ಅಂದರೆ ಸ್ವಲ್ಪವೇ ಕರೆಂಟ್ ಸೋರುತ್ತಿದೆ ಎಂದು ಅವರ ಲೆಕ್ಕ. ಆ ಲೆಕ್ಕ ತಪ್ಪು. ನಿಮಗೆ ಎಷ್ಟು ಹೊಡೆಯುತ್ತದೆ ಎನ್ನುವುದನ್ನು ಡ್ರಿಲ್ ಒಂದೇ ನಿರ್ಧರಿಸುವುದಿಲ್ಲ, ಆ ಹೊತ್ತಿಗೆ ನೀವು ಎಲ್ಲಿ, ಹೇಗೆ ನಿಂತಿದ್ದೀರಿ ಎನ್ನುವುದೂ ನಿರ್ಧರಿಸುತ್ತದೆ.

ಲೆಕ್ಕಕ್ಕೆ ಹಿಡಿಯೋಣ. ವೋಲ್ಟೇಜ್ 230. ಮೋಟರ್‌ನ ಇನ್ಸುಲೇಷನ್ ಕೆಟ್ಟು ಫೇಸ್‌ಗೂ ಬಾಡಿಗೂ ನಡುವೆ 5,000 ಓಮ್ ಮಾತ್ರ ಉಳಿದಿದೆ ಎಂದುಕೊಳ್ಳಿ. ನೀವು ಒಣಗಿದ ಶೂ ಹಾಕಿ ನಿಂತಿದ್ದರೆ ನಿಮ್ಮ ಮೂಲಕ ನೆಲಕ್ಕೆ ಹೋಗುವ ದಾರಿಯ ರೆಸಿಸ್ಟೆನ್ಸ್ ಒಂದು ಲಕ್ಷ ಓಮ್ ಇರಬಹುದು. ಆಗ ಹರಿಯುವುದು 2 ಮಿಲಿಆಂಪ್ ಚಿಲ್ಲರೆ, ಬರೀ ಜುಮ್. ಅದೇ ನೀವು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ, ಬೆವರಿದ ಕೈಯಲ್ಲಿ ಕಂಬ ಹಿಡಿದರೆ ದೇಹದ ರೆಸಿಸ್ಟೆನ್ಸ್ 1,500 ಓಮ್‌ಗೆ ಇಳಿಯಬಹುದು. ಆಗ 230 ಭಾಗಿಸು 6,500, ಅಂದರೆ 35 ಮಿಲಿಆಂಪ್. ಡ್ರಿಲ್ ಅದೇ, ದೋಷ ಅದೇ, ಚಪ್ಪಲಿ ಮಾತ್ರ ಇಲ್ಲ.

ಸುಮಾರು 10 ಮಿಲಿಆಂಪ್ ದಾಟಿದರೆ ಮುಂಗೈಯ ಸ್ನಾಯುಗಳು ಬಿಗಿದುಕೊಂಡು ಹಿಡಿದದ್ದನ್ನು ಬಿಡಲು ಆಗುವುದಿಲ್ಲ. ಕರೆಂಟ್ "ಎಳ್ಕೊಳ್ಳುತ್ತೆ" ಅನ್ನುತ್ತಾರಲ್ಲ, ನಿಜದಲ್ಲಿ ಅದು ಎಳೆಯುವುದಲ್ಲ, ನಮ್ಮ ಬೆರಳುಗಳೇ ಮುಷ್ಟಿ ಕಟ್ಟಿಬಿಡುತ್ತವೆ. 30 ಮಿಲಿಆಂಪ್ ಆಸುಪಾಸಿನಲ್ಲಿ, ಕೆಲವು ಸೆಕೆಂಡು ಹರಿದರೆ, ಉಸಿರಾಟ ಕಷ್ಟವಾಗುತ್ತದೆ. ಅಲ್ಲಿಂದ ಮೇಲೆ, ಎಷ್ಟು ಹೊತ್ತು ಹರಿಯಿತು ಎನ್ನುವುದರ ಮೇಲೆ, ಹೃದಯದ ಬಡಿತ ತಾಳ ತಪ್ಪಿ ಬರೀ ಅದುರುವ ಸ್ಥಿತಿಗೆ ಹೋಗುವ ಸಂಭವ ಏರುತ್ತಾ ಹೋಗುತ್ತದೆ. ಇನ್ಸುಲೇಷನ್ ಪೂರ್ತಿ ಸುಟ್ಟು ಫೇಸ್ ನೇರವಾಗಿ ಬಾಡಿಗೆ ತಗುಲಿದ ದಿನ ಅದೇ 1,500 ಓಮ್ ಮೈಯಲ್ಲಿ 150 ಮಿಲಿಆಂಪ್ ಹರಿಯುತ್ತದೆ.

ರಬ್ಬರ್ ಮ್ಯಾಟ್ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಒಣಗಿದ, ಹೊಸ ಮ್ಯಾಟ್ ಕಾಲಿನ ದಾರಿಯನ್ನು ಮುಚ್ಚುತ್ತದೆ, ಅದು ನಿಜ. ಆದರೆ ನಿಮ್ಮ ಎಡಗೈ ಡ್ರಿಲ್ ಕಂಬದ ಮೇಲೆ, ಬಲಗೈ ಪಕ್ಕದಲ್ಲಿರುವ, ನೆಲಕ್ಕೆ ಬೋಲ್ಟ್ ಮಾಡಿದ ಕಬ್ಬಿಣದ ಬೆಂಚಿನ ಮೇಲೆ ಇದ್ದರೆ? ಆಗ ಕರೆಂಟಿಗೆ ಕಾಲು ಬೇಡವೇ ಬೇಡ, ಒಂದು ಕೈಯಿಂದ ಇನ್ನೊಂದು ಕೈಗೆ, ಎದೆಯ ಮೂಲಕವೇ ಹೋಗುತ್ತದೆ. ವರ್ಕ್‌ಶಾಪ್‌ನಲ್ಲಿ ಕೆಲವೇ ತಿಂಗಳಲ್ಲಿ ಮ್ಯಾಟ್‌ನ ಮೇಲೆ ಕಬ್ಬಿಣದ ಪುಡಿ, ಕೂಲೆಂಟ್ ಕೂತಿರುತ್ತದೆ, ಅದನ್ನೂ ಮರೆಯಬೇಡಿ. ಮ್ಯಾಟ್ ಹಾಕಿಕೊಳ್ಳಿ, ಬೇಡವೆನ್ನುವುದಿಲ್ಲ. ಅದನ್ನು ನಂಬಿ ಸೋರುವ ಮೆಷಿನ್ ನಡೆಸಬೇಡಿ.

ಎಂಸಿಬಿ ಯಾಕೆ ಬೀಳಲಿಲ್ಲ

ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪ್ ಎಂಸಿಬಿಗೆ 16 ಆಂಪ್‌ವರೆಗೆ ಎಲ್ಲವೂ ಸಹಜ. ತಕ್ಷಣ ಬೀಳಬೇಕಾದರೆ, ಮೋಟರ್‌ಗಳಿಗೆ ಸಾಮಾನ್ಯವಾಗಿ ಹಾಕುವ ಸಿ ಟೈಪಿನಲ್ಲಿ, ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪ್ ಹರಿಯಬೇಕು. ನಿಮ್ಮ ಮೈಯಲ್ಲಿ ಹರಿಯುವ 0.15 ಆಂಪ್ ಅದರ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಆ ರಾಡ್. ಅರ್ಥಿಂಗ್ ಅಂದರೆ ಕರೆಂಟನ್ನು ಮಣ್ಣಿಗೆ ಕಳಿಸಿ ಕೈ ತೊಳೆದುಕೊಳ್ಳುವುದು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆ ಎಂದರೆ ಕೆಲಸ ಬಲ್ಲವರೂ ಹಾಗೇ ಹೇಳುತ್ತಾರೆ. ಅರ್ಥ್ ತಂತಿಯ ಕೆಲಸ ಬೇರೆ. ಬಾಡಿಗೆ ಫೇಸ್ ತಗುಲಿದ ಕ್ಷಣ, ಸಪ್ಲೈ ಎಲ್ಲಿಂದ ಬಂತೋ ಅಲ್ಲಿಗೆ ವಾಪಸ್ ಹೋಗಲು ತುಂಬಾ ಸಲೀಸಾದ ದಾರಿ ಕೊಟ್ಟು, ದೊಡ್ಡ ಕರೆಂಟ್ ಹರಿಯುವಂತೆ ಮಾಡಿ ಎಂಸಿಬಿಯನ್ನು ಕೆಡವುವುದು ಅದರ ಕೆಲಸ. ಸಪ್ಲೈ ಕಡೆಯಿಂದಲೇ ಅರ್ಥ್ ಟರ್ಮಿನಲ್ ಕೊಟ್ಟಿರುವ ಕಡೆ, ಅದು ಅಲ್ಲಿ ನ್ಯೂಟ್ರಲ್‌ಗೆ ಸೇರಿರುವುದರಿಂದ, ಈ ದಾರಿ ಪೂರ್ತಿ ತಾಮ್ರದ್ದೇ ಆಗಿರುತ್ತದೆ. ಇಡೀ ಸುತ್ತು 1 ಓಮ್ ಇದ್ದರೆ 230 ಆಂಪ್ ಹರಿದು ಎಂಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ.

ಮಣ್ಣಿನ ರಾಡ್ ಒಂದೇ ಇದ್ದರೆ ಹಾಗಾಗುವುದಿಲ್ಲ. ಒಂದು ರಾಡ್ 20 ಓಮ್ ಇದೆ ಎಂದರೆ ಅದು ಕೆಟ್ಟ ರಾಡೇನಲ್ಲ. 230 ಭಾಗಿಸು 20, ಹನ್ನೊಂದೂವರೆ ಆಂಪ್. ಫೇಸ್ ನೇರವಾಗಿ ಬಾಡಿಗೆ ತಗುಲಿ ನಿಂತರೂ 16 ಆಂಪ್ ಎಂಸಿಬಿ ಸುಮ್ಮನೆ ಹೊತ್ತುಕೊಂಡು ಕೂತಿರುತ್ತದೆ, ಡ್ರಿಲ್‌ನ ಬಾಡಿಯಲ್ಲಿ ಇನ್ನೂರು ವೋಲ್ಟ್‌ಗೂ ಮೇಲೆ ಇರುತ್ತದೆ. ರಾಡಿನ ಗುಂಡಿಗೆ ಉಪ್ಪು ನೀರು ಸುರಿದು 20 ಓಮನ್ನು 12ಕ್ಕೆ ಇಳಿಸಿದರೂ ಹೆಚ್ಚೇನೂ ಬದಲಾಗದು. ನಿಮ್ಮ ಡ್ರಿಲ್‌ಗೆ ರಾಡ್ ಹಾಕಿದಾಗ ಜುಮ್ ನಿಂತದ್ದು ಸೋರಿಕೆ ಇನ್ನೂ ಚಿಕ್ಕದಿದೆ ಎನ್ನುವ ಕಾರಣಕ್ಕೆ: 5,000 ಓಮ್ ಮೂಲಕ ಬರುವ 46 ಮಿಲಿಆಂಪ್, 20 ಓಮ್ ರಾಡಿನಲ್ಲಿ ಹರಿದರೆ ಬಾಡಿಯಲ್ಲಿ ಉಳಿಯುವುದು ಒಂದು ವೋಲ್ಟ್‌ಗಿಂತ ಕಡಿಮೆ. ರೋಗ ಹಾಗೇ ಇತ್ತು, ನೋವು ಮಾತ್ರ ಹೋಗಿತ್ತು. ಆರ್‌ಸಿಸಿಬಿ ಬಂದ ಮೇಲೆ ಅದು ಬಯಲಾಯಿತು.

ರಾಡ್ ದಂಡ ಎಂದು ಇದರ ಅರ್ಥವಲ್ಲ. ಸಪ್ಲೈ ಕಡೆಯಿಂದ ಅರ್ಥ್ ಬಾರದ ಜಾಗದಲ್ಲಿ ರಾಡ್ ಬೇಕೇ ಬೇಕು, ಆದರೆ ಅಲ್ಲಿ ಆರ್‌ಸಿಸಿಬಿ ಇಲ್ಲದ ರಾಡ್ ಅರ್ಧ ಕೆಲಸ. ಇನ್ನೊಂದು, ರಾಡ್‌ನ ತಂತಿ ಬರಬೇಕಾದದ್ದು ಬೋರ್ಡ್‌ನ ಅರ್ಥ್ ಪಟ್ಟಿಗೆ, ಅಲ್ಲಿಂದ ಎಲ್ಲ ಸಾಕೆಟ್‌ಗಳಿಗೆ. ಒಂದೇ ಮೆಷಿನ್‌ಗೆ ಪ್ರತ್ಯೇಕ ರಾಡ್ ಕಟ್ಟಿದರೆ, ಏನಾದರೂ ಆದ ದಿನ ಆ ಮೆಷಿನ್ ಒಂದು ವೋಲ್ಟೇಜಿನಲ್ಲಿ, ಪಕ್ಕದ ಮೆಷಿನ್ ಇನ್ನೊಂದು ವೋಲ್ಟೇಜಿನಲ್ಲಿ ಇರುತ್ತದೆ, ನಡುವೆ ನೀವು ಎರಡನ್ನೂ ಹಿಡಿದು ನಿಂತಿರುತ್ತೀರಿ.

ಯಾರಾದರೂ "ಸಾಕೆಟ್‌ನಲ್ಲೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ತಂತಿ ಹಾಕಿದರೆ ಆಯ್ತು" ಎಂದರೆ ದಯವಿಟ್ಟು ಒಪ್ಪಬೇಡಿ. ಮುಂದೆಂದೋ ನ್ಯೂಟ್ರಲ್ ಒಂದು ಕಡೆ ಸಡಿಲವಾದರೆ, ಮೋಟರ್ ಮೂಲಕ ಬಂದ ಫೇಸ್ ಆ ತುಂಡು ತಂತಿ ಹಿಡಿದು ನೇರವಾಗಿ ಬಾಡಿಗೆ ಬರುತ್ತದೆ. ಮೆಷಿನ್‌ನಲ್ಲಿ ಯಾವ ದೋಷವೂ ಇಲ್ಲದೆ ಬಾಡಿ ಪೂರ್ತಿ ಲೈವ್.

ಆರ್‌ಸಿಸಿಬಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಅದರ ಒಳಗೆ ಒಂದು ಕಬ್ಬಿಣದ ಬಳೆ ಇದೆ. ಫೇಸ್, ನ್ಯೂಟ್ರಲ್ ಎರಡೂ ಆ ಬಳೆಯೊಳಗಿಂದ ಹಾದು ಹೋಗುತ್ತವೆ. ಫೇಸ್‌ನಲ್ಲಿ ಹೋದಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ಬಳೆಗೆ ಏನೂ ಅನ್ನಿಸುವುದಿಲ್ಲ. ಹೋದದ್ದರಲ್ಲಿ ಒಂದಿಷ್ಟು ರಾಡ್ ಮೂಲಕವೋ ನಿಮ್ಮ ಮೂಲಕವೋ ಬೇರೆ ದಾರಿ ಹಿಡಿದರೆ ಆ ವ್ಯತ್ಯಾಸದಿಂದ ಬಳೆಯ ಸುತ್ತಲಿನ ಸಣ್ಣ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟಿ, ಕೊಕ್ಕೆ ಬಿಡುತ್ತದೆ. 30 ಮಿಲಿಆಂಪ್ ವ್ಯತ್ಯಾಸಕ್ಕೆ 300 ಮಿಲಿಸೆಕೆಂಡಿನೊಳಗೆ, ಅದರ ಐದು ಪಟ್ಟು, ಅಂದರೆ 150 ಮಿಲಿಆಂಪ್ ಆದರೆ 40 ಮಿಲಿಸೆಕೆಂಡಿನೊಳಗೆ ಬೀಳಬೇಕು.

ಇಲ್ಲಿ ತಪ್ಪು ತಿಳಿಯುವವರು ಬಹಳ. ಆರ್‌ಸಿಸಿಬಿ ಇದ್ದರೆ ಮೈಯಲ್ಲಿ 30 ಮಿಲಿಆಂಪ್ ಮಾತ್ರ ಹರಿಯುತ್ತದೆ ಎಂದಲ್ಲ. 150 ಹರಿಯಬೇಕಾದ ಕಡೆ 150 ಹರಿದೇ ಹರಿಯುತ್ತದೆ, ಸರಿಯಾಗಿಯೇ ಶಾಕ್ ಹೊಡೆಯುತ್ತದೆ. ಅದು ಕಡಿಮೆ ಮಾಡುವುದು ಹೊತ್ತನ್ನು. ಹೃದಯದ ಒಂದು ಬಡಿತಕ್ಕಿಂತ ಚಿಕ್ಕ ಅವಧಿಯಲ್ಲಿ ಕರೆಂಟ್ ನಿಂತುಹೋಗುವುದರಿಂದ ಜೀವ ಉಳಿಯುವ ಸಾಧ್ಯತೆ ತುಂಬಾ ಹೆಚ್ಚುತ್ತದೆ. ಮತ್ತು ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನು ಅದು ಗುರುತಿಸಲಾರದು, ಅದರ ಕಣ್ಣಿಗೆ ನೀವೂ ಒಂದು ಬಲ್ಬು. ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಕೂಡ ಅದರ ಕೆಲಸವಲ್ಲ, ಅದಕ್ಕೆ ಎಂಸಿಬಿ ಜೊತೆಗಿರಲೇಬೇಕು.

ಈಗ ನಿಮ್ಮ ಎಲೆಕ್ಟ್ರಿಷಿಯನ್ ಕೊಟ್ಟ ಎರಡು ದಾರಿಗಳನ್ನು ನೋಡಿ. ಆರ್‌ಸಿಸಿಬಿ ತೆಗೆದು ರಾಡ್ ಉಳಿಸಿಕೊಂಡರೆ, ಮೇಲೆ ಹೇಳಿದ ಹನ್ನೊಂದೂವರೆ ಆಂಪಿನ ಸ್ಥಿತಿ. ಇನ್ಸುಲೇಷನ್ ಪೂರ್ತಿ ಹೋದ ದಿನ ಡ್ರಿಲ್ ಲೈವ್ ಆಗಿ ನಿಲ್ಲುತ್ತದೆ, ಯಾವುದೂ ಬೀಳುವುದಿಲ್ಲ. ರಾಡ್ ಬಿಚ್ಚಿ ಆರ್‌ಸಿಸಿಬಿ ಉಳಿಸಿಕೊಂಡರೆ, ಅದು ಬೀಳಲು ಸೋರಿಕೆಗೆ ಒಂದು ದಾರಿ ಬೇಕು, ಆ ದಾರಿ ನೀವೇ ಆಗುತ್ತೀರಿ. ಇದು ಮೊದಲನೆಯದಕ್ಕಿಂತ ವಾಸಿ, ಆದರೆ ಅಪಾಯ ತಪ್ಪಿದ್ದಲ್ಲ. ಅರ್ಥ್ ಇದ್ದರೆ ಮೆಷಿನ್ ಕೆಟ್ಟ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ.

ಕಡಿದ ಅರ್ಥ್ ಎಲ್ಲಿರಬಹುದು

ನನ್ನ ಅನುಮಾನ ಮೊದಲು ಹೋಗುವುದು ಎಕ್ಸ್‌ಟೆನ್ಶನ್ ಮೇಲೆ. ಕೆಲವು ವರ್ಷದ ಹಿಂದೆ ಇದೇ ಥರದ ಒಂದು ವರ್ಕ್‌ಶಾಪ್‌ಗೆ ಹೋಗಿದ್ದೆ. ಅಲ್ಲಿ ಕೆಲಸದ ಹುಡುಗನ ಕೈ ಡ್ರಿಲ್‌ನ ಹ್ಯಾಂಡಲ್‌ಗೆ ಬಿಗಿದುಕೊಂಡು ಬಿಡಲಾಗದೆ ನಿಂತಿದ್ದಾಗ, ಪಕ್ಕದವನು ಅವನನ್ನು ಮುಟ್ಟದೆ, ಓಡಿ ಹೋಗಿ ಗೋಡೆಯ ಸ್ವಿಚ್ ಆಫ್ ಮಾಡಿದ್ದ. ಅದೊಂದು ಸಮಯಪ್ರಜ್ಞೆಯಿಂದ ಇಬ್ಬರೂ ಉಳಿದಿದ್ದರು. ಎಕ್ಸ್‌ಟೆನ್ಶನ್‌ನ ಪ್ಲಗ್ ನೋಡಿದೆ, ಮೂರು ಪಿನ್. ಇನ್ನೊಂದು ತುದಿಯ ಬಾಕ್ಸ್ ನೋಡಿದೆ, ಮೂರು ತೂತು. ಬಾಕ್ಸ್ ಬಿಚ್ಚಿದರೆ ಒಳಗೆ ಬಂದಿದ್ದದ್ದು ಎರಡೇ ತಂತಿ. ಅರ್ಥ್ ಟರ್ಮಿನಲ್‌ನ ಹಿತ್ತಾಳೆ ಸ್ಕ್ರೂ ಹೊಸದರ ಹಾಗೇ ಹೊಳೆಯುತ್ತಿತ್ತು, ಅದಕ್ಕೆ ಸ್ಕ್ರೂಡ್ರೈವರ್ ತಾಗಿದ ಗುರುತೂ ಇರಲಿಲ್ಲ. ಟೂ ಕೋರ್ ವೈರ್ ತಂದು ಯಾರೋ ಕಟ್ಟಿಕೊಟ್ಟಿದ್ದರು. ಆರು ವರ್ಷ ಅದರಲ್ಲೇ ಕೆಲಸ ನಡೆದಿತ್ತು, ಏಕೆಂದರೆ ಅರ್ಥ್ ಇಲ್ಲದಿದ್ದರೂ ಮೋಟರ್ ಚೆನ್ನಾಗಿಯೇ ತಿರುಗುತ್ತದೆ. ಫೇಸ್ ಕಡಿದರೆ ಮೆಷಿನ್ ನಿಲ್ಲುತ್ತದೆ, ಅರ್ಥ್ ಕಡಿದರೆ ಯಾರಿಗೂ ತಿಳಿಯುವುದಿಲ್ಲ.

ಆದ್ದರಿಂದ ಪರೀಕ್ಷೆ ಹೀಗೆ ಮಾಡಿ. ಎಲ್ಲ ಪ್ಲಗ್ ಕಿತ್ತು, ಎಕ್ಸ್‌ಟೆನ್ಶನ್ನನ್ನು ಗೋಡೆಯಿಂದಲೂ ಕಿತ್ತು ಮೇಜಿನ ಮೇಲೆ ಇಡಿ. ಮಲ್ಟಿಮೀಟರ್‌ನಲ್ಲಿ ಓಮ್ ರೇಂಜ್ ಇಟ್ಟು, ಒಂದು ಪ್ರೋಬ್ ಪ್ಲಗ್‌ನ ಅರ್ಥ್ ಪಿನ್‌ಗೆ, ಇನ್ನೊಂದು ಬಾಕ್ಸ್‌ನ ಅರ್ಥ್ ತೂತಿನೊಳಗಿನ ಲೋಹಕ್ಕೆ. 25 ಮೀಟರ್ ಉದ್ದದ 1.5 ಚದರ ಮಿಲಿಮೀಟರ್ ತಾಮ್ರಕ್ಕೆ ಮೂರನೇ ಒಂದು ಓಮ್ ಆಸುಪಾಸು ಬರಬೇಕು. ಪ್ರೋಬ್‌ಗಳದ್ದೇ ಒಂದಿಷ್ಟು ಸೇರಿರುತ್ತದೆ, ಎರಡನ್ನೂ ಒಂದಕ್ಕೊಂದು ತಾಗಿಸಿ ನೋಡಿ ಅದನ್ನು ಕಳೆಯಿರಿ. ಮೀಟರ್ ನೋಡುತ್ತಿರುವಾಗಲೇ ವೈರನ್ನು ಎರಡೂ ತುದಿಯಲ್ಲಿ, ಪ್ಲಗ್‌ಗೆ ಒಳಹೋಗುವ ಜಾಗದಲ್ಲಿ, ಆಚೀಚೆ ಬಗ್ಗಿಸಿ. ಅಂಕಿ ಕುಣಿದರೆ ಒಳಗೆ ಎಳೆಗಳು ಕಡಿದಿವೆ. ಆಮೇಲೆ ಡ್ರಿಲ್‌ನ ಪ್ಲಗ್‌ನ ಅರ್ಥ್ ಪಿನ್‌ನಿಂದ ಡ್ರಿಲ್ ಕಂಬದ ಪೇಂಟ್ ಇಲ್ಲದ ಲೋಹಕ್ಕೆ ಇದೇ ಥರ ನೋಡಿ, ಅರ್ಧ ಓಮ್‌ಗಿಂತ ಕೆಳಗೆ ಬರಬೇಕು. ಈ ಅಳತೆಯ ಹೊತ್ತಿಗೆ ರಾಡ್‌ನ ತಂತಿ ಡ್ರಿಲ್‌ನಿಂದ ಬಿಚ್ಚಿರಲಿ. ಬೆಂಚ್ ಗ್ರೈಂಡರ್‌ಗೂ ಇದನ್ನೇ ಮಾಡಿ.

ಗೋಡೆಯ ಸಾಕೆಟ್ ಮಾತ್ರ ನೀವು ಮುಟ್ಟಬೇಡಿ. ಅಲ್ಲಿ ಎರಡು "ಪರೀಕ್ಷೆ" ಜನಪ್ರಿಯವಾಗಿವೆ, ಎರಡೂ ಮೋಸ ಮಾಡುತ್ತವೆ. ಮಲ್ಟಿಮೀಟರ್ ಫೇಸ್‌ಗೂ ಅರ್ಥ್‌ಗೂ ಇಟ್ಟು 230 ಬಂತು, ಅರ್ಥ್ ಸರಿಯಿದೆ ಅನ್ನುವುದು ಒಂದು. ಮೀಟರ್ ಎಳೆಯುವ ಕರೆಂಟ್ ಎಷ್ಟು ಕಡಿಮೆ ಎಂದರೆ ಒಂದೇ ಎಳೆಯಲ್ಲಿ ಜೋತಾಡುವ ಅರ್ಥ್‌ನಲ್ಲೂ 230 ತೋರಿಸುತ್ತದೆ. ಇನ್ನೊಂದು, ಫೇಸ್‌ಗೂ ಅರ್ಥ್‌ಗೂ ನಡುವೆ 100 ವಾಟ್ ಬಲ್ಬ್ ಉರಿಸಿ ನೋಡುವುದು. ಆ ಬಲ್ಬ್‌ಗೆ ಅರ್ಧ ಆಂಪ್‌ಗೂ ಕಡಿಮೆ ಸಾಕು, 50 ಓಮ್‌ನ ಕಳಪೆ ಅರ್ಥ್‌ನಲ್ಲೂ ಅದು ಪ್ರಕಾಶಮಾನವಾಗಿಯೇ ಉರಿಯುತ್ತದೆ. ಮತ್ತು ಅರ್ಥ್ ಬೋರ್ಡ್‌ನ ಹಿಂದೆ ಕಡಿದಿದ್ದರೆ, ಬಲ್ಬ್ ಹಚ್ಚಿದ ಕೂಡಲೇ ಆ ಅರ್ಥ್‌ಗೆ ಸೇರಿದ ಪ್ರತಿಯೊಂದು ಮೆಷಿನ್‌ನ ಬಾಡಿಯೂ ಲೈವ್ ಆಗುತ್ತದೆ. ಸಾಕೆಟ್‌ನ ಅರ್ಥನ್ನು ಅಳೆಯಲು ಲೂಪ್ ಟೆಸ್ಟರ್ ಅಂತ ಬೇರೆಯೇ ಉಪಕರಣ ಇದೆ. ಅದು ಇರುವವರನ್ನು ಕರೆಸಿ, ಬಂದ ಅಂಕಿಯನ್ನು ಬರೆಸಿಕೊಳ್ಳಿ.

ನಿಯಾನ್ ಟೆಸ್ಟರ್ ಬಗ್ಗೆ ಒಂದು ಮಾತು. ಅದು ಬಾಡಿಗೆ ಇಟ್ಟಾಗ ಮಂದವಾಗಿ ಉರಿದರೆ ಅಪಾಯ ಕಡಿಮೆ ಎಂದಲ್ಲ, ಉರಿಯದಿದ್ದರೆ ಸುರಕ್ಷಿತ ಎಂದೂ ಅಲ್ಲ. ಅದರ ಬೆಳಕು ನಿಮ್ಮ ಚಪ್ಪಲಿಯ ಮೇಲೂ ನಿಂತಿದೆ.

ಎಕ್ಸ್‌ಟೆನ್ಶನ್ ಹೇಗಿರಬೇಕು

ಡ್ರಿಲ್, ಬೆಂಚ್ ಗ್ರೈಂಡರ್ ಎರಡೂ ಒಂದೇ ಜಾಗದಲ್ಲಿ ಕೂತಿರುವ ಮೆಷಿನ್‌ಗಳು. ಅವಕ್ಕೆ ಎಕ್ಸ್‌ಟೆನ್ಶನ್ ಬೇಡ, ಪೈಪ್‌ನಲ್ಲಿ ಫಿಕ್ಸೆಡ್ ವೈರಿಂಗ್ ಎಳೆಸಿ ಪಕ್ಕದಲ್ಲೇ ಸಾಕೆಟ್ ಮಾಡಿಸಿ. ಒಮ್ಮೆ ಖರ್ಚು, ಆದರೆ ಕಾಲಿಗೆ ಸಿಕ್ಕುವ, ಬಗ್ಗುವ, ಕಡಿಯುವ ವೈರೇ ಅಲ್ಲಿ ಇರುವುದಿಲ್ಲ. ಎಕ್ಸ್‌ಟೆನ್ಶನ್ ಇರಲಿ, ಓಡಾಡುವ ಆಂಗಲ್ ಗ್ರೈಂಡರ್‌ಗೆ ಮಾತ್ರ.

ಅದು ತ್ರೀ ಕೋರ್, 1.5 ಚದರ ಮಿಲಿಮೀಟರ್‌ಗೆ ಕಡಿಮೆ ಇಲ್ಲದ, ಒರಟು ಬಳಕೆಗೆ ಮಾಡಿದ ರಬ್ಬರ್ ಹೊದಿಕೆಯ ವೈರ್ ಆಗಿರಲಿ. ತೆಳು ವೈರ್ ಬಿಸಿಯಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ದೋಷವಾದಾಗ ಹರಿಯಬೇಕಾದ ದೊಡ್ಡ ಕರೆಂಟನ್ನೂ ಅದು ತಡೆಯುತ್ತದೆ, ಹಾಗಾಗಿ ಎಂಸಿಬಿ ಬೀಳಲು ತಡವಾಗುತ್ತದೆ. ಒಂದು ಎಕ್ಸ್‌ಟೆನ್ಶನ್‌ಗೆ ಇನ್ನೊಂದು ಸಿಕ್ಕಿಸಿ ಉದ್ದ ಮಾಡಿದಾಗಲೂ ಇದೇ ಆಗುತ್ತದೆ. ರೀಲ್‌ಗೆ ಸುತ್ತಿದ್ದಾದರೆ ಕೆಲಸಕ್ಕೆ ಮುಂಚೆ ಪೂರ್ತಿ ಬಿಚ್ಚಿ. ಸುತ್ತಿಕೊಂಡೇ ಇದ್ದರೆ ಬಿಸಿ ಹೊರಹೋಗದೆ ಒಳಸುತ್ತಿನ ಇನ್ಸುಲೇಷನ್ ಮೆತ್ತಗಾಗುತ್ತದೆ. ಎಷ್ಟೋ ರೀಲ್‌ಗಳ ಮೇಲೆ ಬಿಚ್ಚಿದಾಗ ಇಷ್ಟು ವಾಟ್, ಸುತ್ತಿದಾಗ ಇಷ್ಟು ಎಂದು ಎರಡು ಅಂಕಿ ಅಚ್ಚಾಗಿರುತ್ತದೆ, ಎರಡನೆಯದು ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಇರುತ್ತದೆ. ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ಎಲ್ಲಾದರೂ ಇದ್ದರೆ ಅಲ್ಲಿಗೆ ಕತ್ತರಿಸಿ, ಉಳಿದಷ್ಟು ಉದ್ದಕ್ಕೆ ಹೊಸ ಪ್ಲಗ್ ಕಟ್ಟಿ.

ಪ್ಲಗ್ ಕಟ್ಟುವಾಗ ಒಂದನ್ನು ನೆನಪಿಡಿ. ಹಸಿರು ತಂತಿಯನ್ನು ಉಳಿದೆರಡಕ್ಕಿಂತ ಒಂದೆರಡು ಸೆಂಟಿಮೀಟರ್ ಉದ್ದ ಬಿಟ್ಟು, ಒಳಗೆ ಸಣ್ಣ ಬಾಗು ಕೊಟ್ಟು ಬಿಗಿಯಿರಿ. ಯಾರಾದರೂ ವೈರ್ ಎಡವಿ ಎಳೆದರೆ ಮೊದಲು ಫೇಸ್, ನ್ಯೂಟ್ರಲ್ ಕಿತ್ತು ಬರಬೇಕು, ಅರ್ಥ್ ಕೊನೆಗೆ. ಪ್ಲಗ್‌ನಲ್ಲಿ ಅರ್ಥ್ ಪಿನ್ ಉದ್ದ ಇರುವುದೂ ಇದಕ್ಕೇ: ಹಾಕುವಾಗ ಅದು ಮೊದಲು ಸೇರುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಹೊರ ಹೊದಿಕೆ ಪ್ಲಗ್‌ನ ಕ್ಲಾಂಪಿನ ಒಳಗೆ ಕೂತಿರಬೇಕು, ಬಣ್ಣದ ತಂತಿಗಳು ಹೊರಗೆ ಕಾಣಬಾರದು.

ಆಂಗಲ್ ಗ್ರೈಂಡರ್‌ನ ಪಟ್ಟಿಯ ಮೇಲೆ ಚೌಕದೊಳಗೊಂದು ಚೌಕ ಇದ್ದರೆ ಅದು ಡಬಲ್ ಇನ್ಸುಲೇಷನ್‌ನದು. ಅದಕ್ಕೆ ಎರಡೇ ಪಿನ್ ಇರುವುದು ಸರಿ, ಅರ್ಥ್ ಕೊಡಲು ಹೋಗಬೇಡಿ. ಆದರೆ ಅದು ಗಾಳಿಯ ಜೊತೆ ಕಬ್ಬಿಣದ ಪುಡಿಯನ್ನೂ ಒಳಗೆ ಎಳೆದುಕೊಳ್ಳುತ್ತದೆ, ಅದರ ವೈರ್ ಯಾವಾಗಲೂ ಡಿಸ್ಕ್‌ನ ಹತ್ತಿರವೇ ಇರುತ್ತದೆ. ಅಲ್ಲಿ ನಿಮ್ಮನ್ನು ಕಾಯುವುದು ಆರ್‌ಸಿಸಿಬಿ ಒಂದೇ. ಆರ್‌ಸಿಸಿಬಿ ಇಲ್ಲದ ಕಡೆ ಕೆಲಸಕ್ಕೆ ಹೋದರೆ ಪ್ಲಗ್ ರೂಪದ್ದು ಸಿಗುತ್ತದೆ, ಅದನ್ನು ಎಕ್ಸ್‌ಟೆನ್ಶನ್‌ನ ಗೋಡೆಯ ತುದಿಗೆ ಹಾಕಿ, ಮೆಷಿನ್ ತುದಿಗಲ್ಲ. ಆಗ ನಡುವಿನ ಅಷ್ಟೂ ವೈರ್ ಅದರ ಕಾವಲಿನಲ್ಲಿ ಬರುತ್ತದೆ.

ಡ್ರಿಲ್‌ಗೆ ಏನು ಮಾಡಿಸಬೇಕು

ಕೂಡಲೇ ರಿವೈಂಡಿಂಗ್‌ಗೆ ಕೊಡಬೇಡಿ. ಮೊದಲು ಮೋಟರ್‌ನ ಟರ್ಮಿನಲ್ ಬಾಕ್ಸ್ ತೆಗೆಸಿ ನೋಡಿ, ಪ್ಲಗ್ ಕಿತ್ತು, ಕೆಪಾಸಿಟರ್ ಡಿಸ್‌ಚಾರ್ಜ್ ಮಾಡಿದ ಮೇಲೆ. ಲೋಹದ ಪುಡಿ ಮತ್ತು ಎಣ್ಣೆ ಸೇರಿ ಟರ್ಮಿನಲ್ ಹಲಗೆಯ ಮೇಲೆ ಕಪ್ಪು ಕೆಸರಾಗಿ ಕೂತಿರುವುದು ತುಂಬಾ ಸಾಮಾನ್ಯ. ಒರೆಸಿ ಒಣಗಿಸಿದರೆ ಸೋರಿಕೆ ಹೋಗಿಬಿಡುವುದೂ ಉಂಟು. ತಂತಿ ಕಬ್ಬಿಣದ ಅಂಚು ದಾಟುವ ಕಡೆ ರಬ್ಬರ್ ಬುಷ್ ಉದುರಿ, ಇನ್ಸುಲೇಷನ್ ಉಜ್ಜಿಹೋಗಿರಬಹುದು. ಕೆಪಾಸಿಟರ್ ಬಿಚ್ಚಿ ಬೇರೆಯಾಗಿ ನೋಡಿಸಿ.

ರಿಪೇರಿ ಆದಮೇಲೆ ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್ ಹಾಕಿಸಲೇಬೇಕು: ಡ್ರಿಲ್‌ನ ಸ್ವಿಚ್ ಆನ್ ಸ್ಥಿತಿಯಲ್ಲಿಟ್ಟು, ಪ್ಲಗ್‌ನ ಫೇಸ್, ನ್ಯೂಟ್ರಲ್ ಪಿನ್ ಎರಡನ್ನೂ ಸೇರಿಸಿ ಅಲ್ಲಿಂದ ಬಾಡಿಗೆ. 1 ಮೆಗಾಓಮ್‌ಗಿಂತ ಮೇಲೆ ಬರಬೇಕು. ಸ್ವಿಚ್ ಆಫ್ ಇದ್ದರೆ ಮೆಗ್ಗರ್ ಮೋಟರನ್ನು ಪೂರ್ತಿ ಪರೀಕ್ಷಿಸಿದ ಹಾಗಾಗುವುದಿಲ್ಲ. ಮಲ್ಟಿಮೀಟರ್‌ನ ಓಮ್ ರೇಂಜ್ ಇದಕ್ಕೆ ಸಾಲದು, ಅದರ ಕೆಲವೇ ವೋಲ್ಟ್‌ಗೆ ಸರಿಯಿದ್ದಂತೆ ಕಾಣುವ ಇನ್ಸುಲೇಷನ್ 230ಕ್ಕೆ ಸೋತುಬಿಡಬಹುದು. ಒಂದು ವೇಳೆ ವೈಂಡಿಂಗ್ ಒಳಗೇ ಸುಟ್ಟಿದ್ದರೆ ರಿವೈಂಡಿಂಗ್ ಅಥವಾ ಹೊಸ ಮೋಟರ್ ಬಿಟ್ಟು ಬೇರೆ ದಾರಿಯಿಲ್ಲ. ಬಿಸಿಲಿಗಿಟ್ಟು ಒಣಗಿಸಿದ್ದು ತೇವ ಹೀರಿದ ವೈಂಡಿಂಗ್‌ಗೆ ಆದೀತು, ಸುಟ್ಟದ್ದಕ್ಕೆ ಆಗದು.

ಎಲ್ಲ ಆದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಅದು ಬೀಳಬೇಕು. ತಿಂಗಳಿಗೊಮ್ಮೆ ಹೀಗೆ ಒತ್ತುತ್ತಿರಿ, ಒಳಗಿನ ಕೊಕ್ಕೆ ಜಡ್ಡುಗಟ್ಟದಿರಲಿ. ಆದರೆ ಆ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ, ಅರ್ಥ್ ತಂತಿ ಇಲ್ಲದಿದ್ದರೂ ಅದು ಬೀಳುತ್ತದೆ. ಆಮೇಲೆ ಡ್ರಿಲ್ ಹಾಕಿ ಆನ್ ಮಾಡಿ. ಬೀಳದೆ ಓಡಿದರೆ ಸರಿಯಾಯಿತು. ಮೆಗ್ಗರ್‌ನಲ್ಲಿ ಪಾಸಾದ ಡ್ರಿಲ್‌ಗೂ ಬಿದ್ದರೆ, ಡ್ರಿಲ್ ಕಿತ್ತು ಗ್ರೈಂಡರ್ ಹಾಕಿ ನೋಡಿ. ಯಾವ ಮೆಷಿನ್ ಹಾಕಿದರೂ ಬೀಳುತ್ತದೆಂದರೆ ದೋಷ ಮೆಷಿನ್‌ಗಳಲ್ಲಿಲ್ಲ. ಆರ್‌ಸಿಸಿಬಿ ದಾಟಿದ ಮೇಲಿನ ವೈರಿಂಗ್‌ನಲ್ಲಿ ಎಲ್ಲೋ ನ್ಯೂಟ್ರಲ್ ಅರ್ಥ್‌ಗೆ ತಗುಲಿದೆ, ಇಲ್ಲವೇ ಆ ಸರ್ಕ್ಯೂಟಿನ ನ್ಯೂಟ್ರಲ್ಲನ್ನು ಆರ್‌ಸಿಸಿಬಿ ಬಿಟ್ಟು ಬೇರೆ ಕಡೆ ಕೊಟ್ಟಿದ್ದಾರೆ. ಎಲೆಕ್ಟ್ರಿಷಿಯನ್‌ಗೆ ಇದನ್ನೇ ಹೇಳಿ, ಹುಡುಕುವ ಜಾಗ ಅವರಿಗೆ ಗೊತ್ತಾಗುತ್ತದೆ.